ತಮ್ಮನಿಗೆ ರೊಕ್ಕ, ಅಕ್ಕನಿಗೆ ಕೊಟ್ಟಿಗೆ: ಒಂದು ಮನೆಯ ಪಾಲು



ತವರಿನ ಮನೆ ಪಾಲಾಗುವ ಹೊತ್ತಿಗೆ ಅಣ್ಣತಮ್ಮ, ಅಕ್ಕತಂಗಿಯರ ನಡುವೆ ಮಾತು ನಿಂತುಹೋದದ್ದನ್ನು ನೀವು ನೋಡಿರುತ್ತೀರಿ. ಎಷ್ಟೋ ಕಡೆ ಜಗಳಕ್ಕೆ ಕಾರಣ ಮನೆಯಲ್ಲ, ಮಾತಾಡಿದ ರೀತಿ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹೆಸರು ಬೇಡ, ಅಕ್ಕ ಮತ್ತು ತಮ್ಮ ಎನ್ನೋಣ.

ಭಾಲ್ಕಿಯಲ್ಲಿ ತಂದೆತಾಯಿ ಬಿಟ್ಟುಹೋದ ಮನೆ. ಮುಂದೆ ರಸ್ತೆಗೆ ಎರಡು ಕೋಣೆ. ಹಿಂದೆ ಅಡುಗೆಮನೆ, ಒಂದು ಕೋಣೆ, ದನದ ಕೊಟ್ಟಿಗೆ, ಬೋರ್‌ವೆಲ್. ಅಕ್ಕನನ್ನು ಔರಾದಿಗೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ತವರಿಗೆ ಬಂದು ಎರಡು ಎಮ್ಮೆ ಕಟ್ಟಿ ಸಂಘಕ್ಕೆ ಹಾಲು ಹಾಕುತ್ತಾಳೆ. ತಮ್ಮ ಬೀದರ್ ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ಮನೆಯ ಬೆಲೆ 12 ಲಕ್ಷ ಎಂದುಕೊಳ್ಳಿ.

“ಮನಿ ಮಾರಿಬಿಡೋಣ ಅಕ್ಕಾ, ಬಂದ ರೊಕ್ಕ ಅರ್ಧಾ ಅರ್ಧಾ ಮಾಡ್ಕೊಳ್ಳೋಣ,” ಎಂದ ತಮ್ಮ. “ಮನಿ ಮಾರೂದಿಲ್ಲ,” ಎಂದಳು ಅಕ್ಕ. ಹಾಗಾದರೆ ನನ್ನ ಪಾಲಿನ 6 ಲಕ್ಷ ಕೊಡು ಎಂದ. 2 ಕೊಡ್ತೀನಿ ಎಂದಳು. ಎಳೆದಾಡಿ 4ಕ್ಕೆ ಬಂದು ನಿಂತಿತು. 4 ಲಕ್ಷ ಕೂಡಿಸಲು ಅಕ್ಕ ಎಮ್ಮೆ ಮಾರಬೇಕು. ತಮ್ಮನಿಗೆ 2 ಲಕ್ಷ ಹೋಯಿತೆಂಬ ಸಂಕಟ. ಆಗ ಹಿರಿಯರು, ನಡುವೆ ಉದ್ದಕ್ಕೆ ಗೋಡೆ ಎಬ್ಬಿಸಿ ಎಂದರು. ಗೋಡೆ ಬಿದ್ದರೆ ಕೊಟ್ಟಿಗೆ ಎರಡು ತುಂಡು, ಬೋರ್‌ವೆಲ್ ಒಬ್ಬರ ಕಡೆಗೆ. ಇದು ಪಟ್ಟಿನ ಚೌಕಾಸಿ. ಇಬ್ಬರೂ ಒಂದೊಂದು ಉತ್ತರ ಹಿಡಿದು ಕೂತಿರುತ್ತಾರೆ. ನಡುವಿನ ಅಂಕಿ ಸಿಕ್ಕರೂ ಅದು ಇಬ್ಬರಿಗೂ ಬೇಕಾದದ್ದಾಗಿರುವುದಿಲ್ಲ.

ಇನ್ನೊಂದು ದಾರಿಯಲ್ಲಿ, ‘ಏನು ಬೇಕು’ ಎಂಬುದರ ಹಿಂದಿನ ‘ಯಾಕೆ ಬೇಕು’ ಎಂಬುದನ್ನು ಮೊದಲು ತಿಳಿಯಬೇಕು. ಅಮೆರಿಕದ ರೋಜರ್ ಫಿಷರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಪುಸ್ತಕ ಬರೆದು ಈ ವ್ಯತ್ಯಾಸವನ್ನು ಹೆಸರುವಾಸಿ ಮಾಡಿದರು. ಆದರೆ ಯಾಕೆ ಎಂದು ನೇರ ಕೇಳಿದರೆ ಎದುರಿನವರಿಗೆ ಜಬರ್ದಸ್ತಿ ಅನಿಸಬಹುದು. “ರೊಕ್ಕ ಬಂದ್ರ ಏನ್ ಮಾಡಬೇಕಂತ ಮಾಡೀಯಪ್ಪಾ?” ಎಂದು ಕೇಳಿದರೆ ಮಾತು ಹೊರಬರುತ್ತದೆ.

ಅಕ್ಕ ಹಾಗೇ ಕೇಳಿದಳು. ಜೂನ್‌ನಲ್ಲಿ ಮಗಳ ಕಾಲೇಜಿಗೆ 80 ಸಾವಿರ ಕಟ್ಟಬೇಕಿತ್ತು. ಜೊತೆಗೆ, ಮನೆ ಅಕ್ಕನ ಹೆಸರಿಗಾದರೆ ಹಬ್ಬಕ್ಕೆ ಬಂದಾಗ ತಾನು ನೆಂಟನಾಗಿಬಿಡುತ್ತೇನೆ ಎಂಬ ಅಳುಕೂ ಇತ್ತು. ಅಕ್ಕನೂ ತನ್ನದನ್ನು ಹೇಳಿದಳು: ಕೊಟ್ಟಿಗೆ, ನೀರು, ಯಾರೂ ಏಳು ಎನ್ನದ ಒಂದು ಸೂರು. ಮುಂದಿನ ಕೋಣೆಗಳು ಅವಳಿಗೆ ಬೇಕೇ ಇರಲಿಲ್ಲ!

ಗೋಡೆ ಈಗ ಉದ್ದಕ್ಕೆ ಬೇಡ, ಅಡ್ಡಕ್ಕೆ ಸಾಕು. ಮುಂದಿನದು ತಮ್ಮನಿಗೆ, ಹಿಂದಿನದು ಅಕ್ಕನಿಗೆ. ಬೆಲೆಗೆ ಮತ್ತೆ ಪಟ್ಟು ಹಿಡಿಯದೆ, ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರವನ್ನೂ ಪಕ್ಕದ ಮನೆ ಮಾರಿದ ದರವನ್ನೂ ಹಿಡಿದು ಲೆಕ್ಕ ಹಾಕಿದರು. ಮುಂದಿನದಕ್ಕೆ 6.5 ಲಕ್ಷ, ಹಿಂದಿನದಕ್ಕೆ 5.5 ಲಕ್ಷ ಬಂತು. ಪಾಲು ಸಮವಾಗಲು ತಮ್ಮನೇ ಅಕ್ಕನಿಗೆ 50 ಸಾವಿರ ಕೊಡಬೇಕು. ಅಕ್ಕನಿಗೆ ಈ ವರ್ಷ ಅವಸರವಿಲ್ಲ, ಮಗಳ ಓದು ಮುಗಿದ ಮೇಲೆ ಕೊಡು ಎಂದಳು. ತಮ್ಮ ಒಂದು ಕೋಣೆಯನ್ನು ಅಂಗಡಿಗೆ ಕೊಟ್ಟು, ಅದರ ಮುಂಗಡದಿಂದ ಫೀಸು ಕಟ್ಟಿದ. ಇನ್ನೊಂದು ಕೋಣೆ ಹಬ್ಬಕ್ಕೆ ಬಂದಾಗ ತಂಗಲು ಉಳಿಯಿತು.

ಇಂಥ ಒಪ್ಪಂದಗಳು ಕೆಡುವುದು ಬರೆಯದೆ ಬಿಟ್ಟ ಸಣ್ಣ ಸಂಗತಿಗಳಿಂದ. ಎಮ್ಮೆ ಮತ್ತು ಮೇವಿನ ಹೊರೆ ಹೋಗಲು ಪಕ್ಕದಲ್ಲಿ 6 ಅಡಿ ದಾರಿ, ಬೋರ್‌ವೆಲ್ಲಿನ ಕರೆಂಟ್ ಬಿಲ್ ಯಾರದು, 50 ಸಾವಿರ ಯಾವ ತಾರೀಖಿಗೆ ಎಂಬುದೆಲ್ಲ ಪಾಲುಪತ್ರದಲ್ಲಿರಬೇಕು. ಆ ಪತ್ರ ನೋಂದಣಿಯಾಗಬೇಕು. ಆಗದಿದ್ದರೆ ಕೋರ್ಟಿನಲ್ಲಿ ಅದನ್ನು ಪಾಲಿನ ದಾಖಲೆಯೆಂದು ಹಿಡಿಯುವುದಿಲ್ಲ.

ಒಂದು ಎಚ್ಚರಿಕೆಯೂ ಬೇಕು. ತಮ್ಮ ಬಾಯಿ ಬಿಡದೆ, ನಿನ್ನ ಕಷ್ಟವನ್ನಷ್ಟೇ ಕೇಳಿಕೊಂಡು ಅದನ್ನೇ ಹಿಡಿದು ಒತ್ತುತ್ತಿದ್ದರೆ ಈ ದಾರಿ ಅಲ್ಲಿ ನಡೆಯದು. ಅರಿಶಿನ ಕುಂಕುಮಕ್ಕೆ ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಿದರೆ ಹಾಕುವ ಮೊದಲು ನಿಮ್ಮ ಪಾಲು ತಿಳಿದುಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಾದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಆ ವರ್ಷ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮನೆ ತಂದೆಯೇ ಗಳಿಸಿದ್ದಾಗಿ, ಉಯಿಲು ಬರೆಯದೆ ತೀರಿಹೋಗಿದ್ದರೂ ಮಗಳ ಪಾಲು ಮಗನಷ್ಟೇ.

ಮಾತುಕತೆ ಮುರಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅದು ತಾಲ್ಲೂಕು ನ್ಯಾಯಾಲಯದಲ್ಲೇ ಇರುತ್ತದೆ. 1987ರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ಹೋಗುವಾಗ ಮನೆಯ ಖಾತೆ, ತಂದೆತಾಯಿಯ ಮರಣ ಪ್ರಮಾಣಪತ್ರ, ವಂಶವೃಕ್ಷ ಜೊತೆಗಿರಲಿ.