ಕಣ್ಣಿನ ಕೆಳಗಿನ ಕಪ್ಪು ನೆರಳು ತಗ್ಗಿಸಲು ಬ್ಯೂಟಿ ಫಿಲ್ಟರ್ ಬೇಕೇ? ಒಂದು ಬೂದು ಲೇಯರ್ ಸಾಕು

ಬ್ಯೂಟಿ ಫಿಲ್ಟರ್ ಹಾಕಿದರೆ ಮುಖ ಚೆನ್ನಾಗಿ ಕಾಣುತ್ತದೆ ಎಂದು ಹಲವರು ನಂಬಿದ್ದಾರೆ. ಆದರೆ ಫಿಲ್ಟರ್ ಸಾಮಾನ್ಯವಾಗಿ ಚರ್ಮವನ್ನು ಮಸುಕುಗೊಳಿಸುತ್ತದೆ. ನೆರಳಿನ ಜೊತೆಗೆ ಚರ್ಮದ ರಂಧ್ರ, ಸಣ್ಣ ಗೆರೆಗಳೂ ಅಳಿಸಿಹೋಗಿ ಮುಖ ಮೇಣದ ಗೊಂಬೆಯಂತಾಗುತ್ತದೆ. ಚರ್ಮವನ್ನು ಹಾಗೇ ಉಳಿಸಿ ನೆರಳನ್ನಷ್ಟೇ ತಗ್ಗಿಸುವ ದಾರಿಯೊಂದಿದೆ.

ಇದು ಹೇಗೆ ಕೆಲಸ ಮಾಡುತ್ತದೆ?

ಫೋಟೋ ಮೇಲೆ ಇನ್ನೊಂದು ಲೇಯರ್ ಇಟ್ಟಾಗ ಎರಡೂ ಹೇಗೆ ಬೆರೆಯಬೇಕು ಎಂದು ಹೇಳುವುದೇ ಬ್ಲೆಂಡ್ ಮೋಡ್. ಸಾಫ್ಟ್ ಲೈಟ್ ಮತ್ತು ಓವರ್‌ಲೇ ಎಂಬ ಮೋಡ್‌ಗಳಲ್ಲಿ ಮೇಲಿನ ಲೇಯರ್‌ನ ನಡು ಬೂದು ಬಣ್ಣ ಏನನ್ನೂ ಬದಲಿಸುವುದಿಲ್ಲ. ಅದಕ್ಕಿಂತ ತಿಳಿಯಾದುದು ಫೋಟೋವನ್ನು ಬೆಳಗಿಸುತ್ತದೆ, ಗಾಢವಾದುದು ಕಪ್ಪಾಗಿಸುತ್ತದೆ. ಕೆಳಗಿನ ಚರ್ಮದ ಸೂಕ್ಷ್ಮ ವಿವರ ಮಾತ್ರ ಉಳಿಯುತ್ತದೆ.

ಮಾಡಿ ನೋಡೋಣ

ಬ್ರೌಸರ್‌ನಲ್ಲೇ ತೆರೆಯುವ Photopea ಆಗಲಿ, ಲೇಯರ್ ಸೌಲಭ್ಯವಿರುವ ಬೇರೆ ಆ್ಯಪ್ ಆಗಲಿ ನಡೆಯುತ್ತದೆ.

1. ಫೋಟೋ ಮೇಲೆ ಹೊಸ ಲೇಯರ್ ಸೇರಿಸಿ, #808080 ಎಂಬ ಬೂದು ಬಣ್ಣ ತುಂಬಿ.
2. ಲೇಯರ್‌ನ ಮೋಡ್ ಅನ್ನು Soft Light ಎಂದು ಬದಲಿಸಿ. ಬೂದು ಮಾಯವಾಗಿ ಫೋಟೋ ಮೊದಲಿನಂತೆಯೇ ಕಂಡರೆ ಸರಿಯಾಗಿದೆ ಎಂದರ್ಥ.
3. ಅಂಚು ಮೃದುವಾಗಿರುವ ಬ್ರಷ್ ತೆಗೆದುಕೊಳ್ಳಿ. ಬಣ್ಣ ಬಿಳಿ, ಅಪಾಸಿಟಿ ಶೇ. 5ರಿಂದ 10. ಬ್ರಷ್ ನೆರಳಿನ ಅಗಲಕ್ಕಿಂತ ಚಿಕ್ಕದಾಗಿರಲಿ.
4. ಕಣ್ಣಿನ ಕೆಳಗಿನ ಗಾಢ ಭಾಗದ ಮೇಲಷ್ಟೇ ನಿಧಾನವಾಗಿ ನಾಲ್ಕೈದು ಬಾರಿ ಬಳಿಯಿರಿ. ಹೆಚ್ಚಾದ ಕಡೆ ಅದೇ ಬೂದು ಬಣ್ಣ ಬಳಿದರೆ ಮೊದಲಿನಂತಾಗುತ್ತದೆ.
5. ಝೂಮ್ ತಗ್ಗಿಸಿ ಇಡೀ ಮುಖ ನೋಡಿ. ಲೇಯರ್ ಮುಚ್ಚಿ ತೆರೆದು ಹೋಲಿಸಿ. ತಿದ್ದಿದ್ದು ಎದ್ದು ಕಂಡರೆ ಇಡೀ ಲೇಯರ್‌ನ ಅಪಾಸಿಟಿ ಇಳಿಸಿ.

ಎರಡರಲ್ಲಿ ಯಾವುದು?

ಓವರ್‌ಲೇ ಹೆಚ್ಚು ಬಿರುಸು. ಅದರಲ್ಲಿ ಕಪ್ಪನ್ನು ಪೂರ್ತಿಯಾಗಿ ಬಳಿದರೆ ಫೋಟೋದ ಗಾಢ ಭಾಗ ಅಪ್ಪಟ ಕಪ್ಪಾಗಿ ವಿವರ ಕಳೆದುಹೋಗುತ್ತದೆ. ಸಾಫ್ಟ್ ಲೈಟ್ ಅಷ್ಟು ದೂರ ಹೋಗುವುದಿಲ್ಲ. ಹಾಗಾಗಿ ಮುಖಕ್ಕೆ ನಾವು ಸಾಫ್ಟ್ ಲೈಟನ್ನೇ ಸೂಚಿಸುತ್ತೇವೆ. ಕಣ್ಣಿನ ಹೊಳಪು, ಕೂದಲಿನ ಮಿಂಚು ಹೆಚ್ಚಿಸಲು ಓವರ್‌ಲೇ ಹೊಂದುತ್ತದೆ.

ಎಲ್ಲಿ ಕೆಡುತ್ತದೆ?

ಕಂದು ಚರ್ಮದ ಮೇಲೆ ಸಾಫ್ಟ್ ಲೈಟ್‌ನಲ್ಲಿ ಬಿಳಿ ಹೆಚ್ಚಾದರೆ ಬಣ್ಣದ ಗಾಢತೆ ಇಳಿದು, ಆ ಜಾಗ ಬೂದಿ ಬಳಿದಂತೆ ಕಾಣುತ್ತದೆ. ಆಗ ಬಿಳಿಯ ಬದಲು ತೀರಾ ತಿಳಿಯಾದ ಪೀಚ್ ಬಣ್ಣ ಬಳಸಿ. ನೆರಳನ್ನು ಪೂರ್ತಿ ಅಳಿಸಲೂ ಹೋಗಬೇಡಿ. ಕಣ್ಣಿನ ಕೆಳಗೆ ಸ್ವಲ್ಪ ನೆರಳು ಇದ್ದರೇನೇ ಮುಖಕ್ಕೆ ಆಕಾರ, ಇಲ್ಲದಿದ್ದರೆ ಅದು ಚಪ್ಪಟೆಯಾಗಿ ಕಾಣುತ್ತದೆ.

ಮೊಡವೆಯ ಕೆಂಪು ಇದರಿಂದ ಹೋಗದು. ಬೆಳಗಿಸಿದರೆ ಅದು ತಿಳಿಗೆಂಪಾಗುತ್ತದೆ ಅಷ್ಟೆ. ಅದಕ್ಕೆ ಹೀಲಿಂಗ್ ಬ್ರಷ್ ಬೇಕು. ನೆರಳು, ಬೆಳಕಿನ ಏರುಪೇರು ಸರಿಪಡಿಸಲು ಮಾತ್ರ ಈ ಬೂದು ಲೇಯರ್.