ಪಾದ ನೆಲದಲ್ಲಿರುವ ಆ ಕ್ಷಣ

ನೂರು ಮೀಟರ್ ಓಟಗಾರ ಪೂರ್ಣ ವೇಗದಲ್ಲಿದ್ದಾಗ ಪ್ರತಿ ಹೆಜ್ಜೆಗೂ ಅವನ ಪಾದ ನೆಲದ ಮೇಲಿರುವುದು ಸುಮಾರು 0.1 ಸೆಕೆಂಡ್ ಮಾತ್ರ. ಅಷ್ಟರೊಳಗೆ ನೆಲವನ್ನು ಒದ್ದು ಮೈಯನ್ನು ಮುಂದಕ್ಕೆ ಚಿಮ್ಮಿಸಬೇಕು. ಓಟಗಾರರಿಗೆ ಯಾವ ಸ್ಪರ್ಧೆ ಒಗ್ಗುತ್ತದೆ ಎಂಬ ಪ್ರಶ್ನೆ ಬಹುಪಾಲು ಈ ಕ್ಷಣದಲ್ಲೇ ಅಡಗಿದೆ.

ನಮ್ಮ ಸ್ನಾಯುಗಳಲ್ಲಿ ಸಾವಿರಾರು ಎಳೆಗಳಿವೆ. ನಿಧಾನದ ಎಳೆ ಒಮ್ಮೆ ಸೆಟೆದು ಬಿಗಿತದ ತುದಿ ಮುಟ್ಟಲು ಹೆಚ್ಚುಕಡಿಮೆ 0.1 ಸೆಕೆಂಡ್ ಬೇಕು. ಅಷ್ಟು ಹೊತ್ತಿಗೆ ಓಟಗಾರನ ಪಾದ ನೆಲ ಬಿಟ್ಟಿರುತ್ತದೆ. ವೇಗದ ಎಳೆಗೆ ಅದರ ಅರ್ಧದಷ್ಟು ಸಮಯ ಸಾಕು, ಆದರೆ ಅದು ಬೇಗ ಸೋಲುತ್ತದೆ. ನಿಧಾನದ ಎಳೆಗೆ ರಕ್ತನಾಳಗಳ ಪೂರೈಕೆ ಹೆಚ್ಚು. ಆಮ್ಲಜನಕ ಬಳಸಿ ಗಂಟೆಗಟ್ಟಲೆ ದುಡಿಯಬಲ್ಲದು. ಮ್ಯಾರಥಾನ್ ಓಟಗಾರರನ್ನು ಕೊನೆಯವರೆಗೆ ಒಯ್ಯುವುದು ಇದೇ.

ವೇಗದ ಎಳೆಗಳಲ್ಲಿಯೂ ಅತಿವೇಗದ ಒಂದು ಬಗೆಯಿದೆ. ಸಾಮಾನ್ಯರಲ್ಲಿ ಇದು ಸ್ವಲ್ಪವೇ ಇರುತ್ತದೆ. 1993ರಲ್ಲಿ 110 ಮೀಟರ್ ಹರ್ಡಲ್ಸನ್ನು 12.91 ಸೆಕೆಂಡ್‌ಗಳಲ್ಲಿ ಓಡಿ ವಿಶ್ವದಾಖಲೆ ಬರೆದ ಬ್ರಿಟನ್ನಿನ ಕಾಲಿನ್ ಜಾಕ್ಸನ್ ಅವರ ತೊಡೆಯಿಂದ, ನಿವೃತ್ತಿಯ ಬಳಿಕ, ಸೂಜಿಯಿಂದ ಚೂರು ತೆಗೆದು ನೋಡಿದಾಗ ಎಳೆಗಳಲ್ಲಿ ಹತ್ತಿರಹತ್ತಿರ ಕಾಲುಭಾಗ ಈ ಅತಿವೇಗದ ಬಗೆಯದೇ ಆಗಿತ್ತು!

ತರಬೇತಿಯಿಂದ ಇದನ್ನು ಪಡೆಯಬಹುದೇ? ಇಲ್ಲಿ ಅಚ್ಚರಿಯಿದೆ. ಕಠಿಣ ಭಾರ ಎತ್ತಿಸಿದರೆ ಅತಿವೇಗದ ಎಳೆಗಳು ಕಡಿಮೆಯಾಗಿ, ಸ್ವಲ್ಪ ತಾಳಿಕೆಯುಳ್ಳ ಸಾಧಾರಣ ವೇಗದ ಎಳೆಗಳಾಗುತ್ತವೆ. ಅಭ್ಯಾಸ ನಿಲ್ಲಿಸಿ ಕೆಲವು ತಿಂಗಳು ಕಳೆದರೆ ಅತಿವೇಗದವು ಮತ್ತೆ ಹೆಚ್ಚುತ್ತವೆ, ಕೆಲವೊಮ್ಮೆ ಮೊದಲಿಗಿಂತಲೂ ಹೆಚ್ಚು. ದೊಡ್ಡ ಕೂಟಕ್ಕೆ ಮುನ್ನ ಸ್ಪ್ರಿಂಟರ್‌ಗಳ ಭಾರವನ್ನು ಇಳಿಸುವುದಕ್ಕೆ ಇದೂ ಒಂದು ಕಾರಣ. ಆದರೆ ನಿಧಾನದ ಎಳೆಯನ್ನು ವೇಗದ ಎಳೆಯಾಗಿಸುವುದು ಬಲು ಕಷ್ಟ. ಅಲ್ಲಿ ಹುಟ್ಟಿನಿಂದ ಬಂದ ಪಾಲು ದೊಡ್ಡದು.

ಶಾಲೆಯ ಮೈದಾನದಲ್ಲಿ ಸೂಜಿ ಬೇಕಿಲ್ಲ, ಸ್ಟಾಪ್‌ವಾಚ್ ಸಾಕು. ಇಬ್ಬರು ಹುಡುಗಿಯರು 400 ಮೀಟರನ್ನು 64 ಸೆಕೆಂಡ್‌ಗಳಲ್ಲಿ ಮುಗಿಸುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬಳ 100 ಮೀಟರ್ ಸಮಯ 13 ಸೆಕೆಂಡ್, ಇನ್ನೊಬ್ಬಳದು 14.2. ಅವುಗಳ ನಾಲ್ಕರಷ್ಟು 52 ಮತ್ತು 56.8. ಮೊದಲನೆಯವಳು ತನ್ನ ವೇಗಕ್ಕಿಂತ 12 ಸೆಕೆಂಡ್ ಹಿಂದಿದ್ದಾಳೆ. ಎರಡನೆಯವಳು ಏಳಕ್ಕಿಂತ ಸ್ವಲ್ಪ ಹೆಚ್ಚು. ಸಮಯ ಒಂದೇ ಎಂದು ಇಬ್ಬರನ್ನೂ 400ಕ್ಕೇ ಇಳಿಸಿದರೆ ಇಬ್ಬರಿಗೂ ಅನ್ಯಾಯ. ಮೊದಲನೆಯವಳಿಗೆ 100, 200, ಉದ್ದಜಿಗಿತ. ಎರಡನೆಯವಳಿಗೆ 800, 1500 ಹೊಂದಬಹುದು. ನಿಂತಲ್ಲಿಂದ ಜಿಗಿಸಿಯೂ ನೋಡಬೇಕು: ಹೆಚ್ಚು ದೂರ ಹಾರುವವಳಲ್ಲಿ ವೇಗದ ಎಳೆಗಳು ಹೆಚ್ಚಿರುವ ಸಂಭವ.

ಇಲ್ಲಿ ಎಡವುವುದು ವಯಸ್ಸಿನ ವಿಷಯದಲ್ಲಿ. ಹನ್ನೆರಡರಲ್ಲಿ ಬೇಗ ಬೆಳೆದ ಮಗು ಬಲದಿಂದ ಗೆಲ್ಲುತ್ತದೆ, ಎಳೆಗಳಿಂದಲ್ಲ. ಹೀಗಾಗಿ ಎರಡು ಮೂರು ವರ್ಷ, ಪ್ರತಿ ಆರು ತಿಂಗಳಿಗೊಮ್ಮೆ ಇದೇ ಲೆಕ್ಕವನ್ನು ಹೊಸದಾಗಿ ಮಾಡಿ, ಆ ಅಂತರ ಯಾವ ಕಡೆಗೆ ಸರಿಯುತ್ತಿದೆ ಎಂದು ಗಮನಿಸಿದ ಮೇಲೆಯೇ ಸ್ಪರ್ಧೆಯನ್ನು ಗೊತ್ತುಮಾಡಬೇಕು.