ಕಲ್ಲುಗಣಿಯ ಲೆಕ್ಕದಲ್ಲಿ ಮೂರು ಬಗೆಯ ಸವೆತ

ಇಳಕಲ್ ಕಡೆಯ ಒಂದು ಗ್ರಾನೈಟ್ ಗಣಿಯನ್ನು ಊಹಿಸಿಕೊಳ್ಳಿ. ಮಾಲೀಕರು 72 ಲಕ್ಷ ರೂಪಾಯಿಗೆ ಹಿಟಾಚಿ ಯಂತ್ರ ಕೊಂಡಿದ್ದಾರೆ. ಗಣಿಯ ನಕ್ಷೆ ಮಾಡುವ ಸಾಫ್ಟ್‌ವೇರ್‌ನ ಐದು ವರ್ಷದ ಲೈಸೆನ್ಸ್‌ಗೆ 5 ಲಕ್ಷ ಕೊಟ್ಟಿದ್ದಾರೆ. ಗಣಿಯ ಹಕ್ಕು ಪಡೆದು, ಬಂಡೆಯನ್ನು ಕೆಲಸಕ್ಕೆ ಅಣಿಮಾಡುವ ಹೊತ್ತಿಗೆ 2 ಕೋಟಿ ಖರ್ಚಾಗಿದೆ. ಇಷ್ಟನ್ನೂ ಮೊದಲ ವರ್ಷಕ್ಕೇ ಹೊರಿಸಿದರೆ ಆ ವರ್ಷ ಭಾರೀ ನಷ್ಟ ಕಾಣುತ್ತದೆ, ಮುಂದಿನ ವರ್ಷಗಳಲ್ಲಿ ಸುಳ್ಳು ಲಾಭ. ಹಾಗಾಗಿ ಹಂಚಬೇಕು. ಆದರೆ ಮೂರನ್ನೂ ಒಂದೇ ಅಳತೆಯಲ್ಲಿ ಹಂಚಲಾಗದು.

ಯಂತ್ರದ್ದು ಸವಕಳಿ, ಅಂದರೆ ಡಿಪ್ರಿಸಿಯೇಷನ್. 2013ರ ಕಂಪನಿ ಕಾಯ್ದೆ ಮಣ್ಣು ಅಗೆಯುವ ಯಂತ್ರಗಳಿಗೆ ಸಾಮಾನ್ಯವಾಗಿ 9 ವರ್ಷದ ಆಯುಷ್ಯ ಹೇಳುತ್ತದೆ. ಕೊನೆಗೆ ಗುಜರಿಗೆ ಶೇ. 5ರಷ್ಟು, ಅಂದರೆ 3.6 ಲಕ್ಷ ಬರಬಹುದೆಂದು ಬಿಟ್ಟು, ಉಳಿದದ್ದನ್ನು ಸಮನಾಗಿ ಹಂಚಿದರೆ ವರ್ಷಕ್ಕೆ 7.6 ಲಕ್ಷ. ಸಾಫ್ಟ್‌ವೇರ್ ಕೈಗೆ ಸಿಗುವ ವಸ್ತುವಲ್ಲ, ಅವಧಿ ಮುಗಿದ ಮೇಲೆ ಮಾರಲೂ ಬರುವುದಿಲ್ಲ. ಅದನ್ನು ವರ್ಷಕ್ಕೆ 1 ಲಕ್ಷದಂತೆ ಪೂರ್ತಿ ಕಳೆಯುವುದೇ ಅಮಾರ್ಟೈಸೇಷನ್.

ಬಂಡೆಯ ಲೆಕ್ಕ ಬೇರೆ. ಅದು ಕಾಲ ಕಳೆದಂತೆ ಸವೆಯುವುದಿಲ್ಲ, ಕತ್ತರಿಸಿದಷ್ಟೇ ಕಡಿಮೆಯಾಗುತ್ತದೆ. ಮಾರಲು ಯೋಗ್ಯವಾದ ಕಲ್ಲು 40,000 ಘನ ಮೀಟರ್ ಇದೆಯೆಂದು ಅಂದಾಜಾದರೆ, 2 ಕೋಟಿಯನ್ನು ಅದರಿಂದ ಭಾಗಿಸಿದಾಗ ಘನ ಮೀಟರಿಗೆ 500 ರೂಪಾಯಿ. ಇದೇ ಡಿಪ್ಲೀಷನ್. ಮೊದಲ ವರ್ಷ 2,000 ಘನ ಮೀಟರ್ ತೆಗೆದರೆ 10 ಲಕ್ಷ. ಮರುವರ್ಷ ಗಿರಾಕಿಗಳಿಲ್ಲದೆ 800 ಮಾತ್ರ ತೆಗೆದರೆ 4 ಲಕ್ಷ. ಯಂತ್ರ ಸುಮ್ಮನೆ ನಿಂತಿದ್ದರೂ ಅದರ 7.6 ಲಕ್ಷ ತಪ್ಪುವುದಿಲ್ಲ.

ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಅನುಮಾನಿಸಬೇಕಾದ್ದು ಆ 40,000 ಎಂಬ ಅಂಕಿಯನ್ನೇ. ಗ್ರಾನೈಟ್‌ನಲ್ಲಿ ಬಿರುಕು ಬಿಟ್ಟ ಭಾಗ ಬ್ಲಾಕ್ ಆಗುವುದಿಲ್ಲ, ತ್ಯಾಜ್ಯದ ರಾಶಿಗೆ ಹೋಗುತ್ತದೆ. ಲೀಸ್ ಮುಗಿಯುವುದರೊಳಗೆ ತೆಗೆಯಲಾಗದ ಕಲ್ಲನ್ನೂ, ನವೀಕರಣದ ಭರವಸೆ ಇಲ್ಲದಿದ್ದರೆ, ಎಣಿಸುವಂತಿಲ್ಲ. ಎರಡು ವರ್ಷದ ನಂತರ ಪುಸ್ತಕದಲ್ಲಿ 1.86 ಕೋಟಿ ರೂಪಾಯಿಯೂ 37,200 ಘನ ಮೀಟರೂ ಉಳಿದಿವೆ ಎನ್ನೋಣ. ಮರುಪರೀಕ್ಷೆಯಲ್ಲಿ ಅರ್ಧದಷ್ಟು, 18,600 ಮಾತ್ರ ಒಳ್ಳೆಯ ಕಲ್ಲೆಂದು ತಿಳಿದರೆ ದರ ಒಮ್ಮೆಲೇ 1,000 ರೂಪಾಯಿಗೆ ಏರುತ್ತದೆ. ಅಂದಾಜು ಬದಲಾದದ್ದಷ್ಟೇ ಆದ್ದರಿಂದ ಹಳೆಯ ವರ್ಷಗಳ ಲೆಕ್ಕ ತಿದ್ದುವುದಿಲ್ಲ, ಭಾರವೆಲ್ಲ ಮುಂದಿನ ಬ್ಲಾಕ್‌ಗಳ ಮೇಲೆ. ಆ ದರದಲ್ಲಿ ಗಣಿ ಗಿಟ್ಟದಿದ್ದರೆ ಆಸ್ತಿಯ ಮೌಲ್ಯವನ್ನೇ ಇಳಿಸಬೇಕಾದೀತು.

ತ್ಯಾಜ್ಯದ ರಾಶಿ ವರ್ಷವರ್ಷ ಬೆಳೆಯುತ್ತಿದ್ದೂ ಘನ ಮೀಟರಿನ ದರ ಕದಲದಿದ್ದರೆ, ಅಂದಾಜನ್ನು ಯಾರೂ ಮತ್ತೆ ನೋಡಿಲ್ಲ ಎಂಬ ಗುಮಾನಿ ಸಹಜ. ಇನ್ನೊಂದು ಕಡೆಯೂ ಕಣ್ಣಿಡಬೇಕು: ಕತ್ತರಿಸಿದ ಬ್ಲಾಕ್ ಮಾರಾಟವಾಗದೆ ಅಂಗಳದಲ್ಲಿ ಬಿದ್ದಿದ್ದರೆ ಅದರ ಡಿಪ್ಲೀಷನ್ ಇನ್ನೂ ಖರ್ಚಾಗಿಲ್ಲ, ದಾಸ್ತಾನಿನ ಬೆಲೆಯೊಳಗೆ ಸೇರಿಕೊಂಡಿರುತ್ತದೆ. ಲಾಭ-ನಷ್ಟದ ಪಟ್ಟಿಗೆ ಅದು ಬರುವುದು ಆ ಕಲ್ಲು ಮಾರಾಟವಾದಾಗಲೇ.